ಎದುರು ಪಕ್ಷದವರು ತಂದ ತೀರ್ಪು ನಮ್ಮ ಪ್ರಕರಣಕ್ಕೆ ಹೊಂದದೇ ಇದ್ದಾಗ

ಚೆಕ್ ಬೌನ್ಸ್ ಪ್ರಕರಣದಲ್ಲಿ ಫಿರ್ಯಾದಿಯ ಪರ ವಾದ ಮಾಡುವವರಿಗೆ ಹೆಚ್ಚಾಗಿ ಎದುರಾಗುವ ತೀರ್ಪು ಬಸಲಿಂಗಪ್ಪ ಪ್ರಕರಣದ್ದು. ಅದು ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 2019ರಲ್ಲಿ ತೀರ್ಮಾನವಾದ ಪ್ರಕರಣ. ಆರೋಪಿಯ ವಕೀಲರು ಅದರ ಪ್ರತಿಯನ್ನು ನ್ಯಾಯಾಧೀಶರ ಮುಂದಿಟ್ಟು, ‘ಸಾಲ ಕೊಡುವಷ್ಟು ಹಣ ಫಿರ್ಯಾದಿಯ ಬಳಿ ಇರಲಿಲ್ಲ, ಆದ್ದರಿಂದ ಖುಲಾಸೆ ಮಾಡಬೇಕು’ ಎನ್ನುತ್ತಾರೆ. ಸುಪ್ರೀಂ ಕೋರ್ಟ್ ಸಾರಿದ ಕಾನೂನಿಗೆ ಸಂವಿಧಾನದ 141ನೇ ವಿಧಿಯಂತೆ ಕೆಳಗಿನ ಎಲ್ಲ ನ್ಯಾಯಾಲಯಗಳೂ ಬದ್ಧ. ಹಾಗಿದ್ದರೆ ಫಿರ್ಯಾದಿ ಸೋತಂತೆಯೇ? ಅಲ್ಲ. ಆ ತೀರ್ಪು ಹುಟ್ಟಿದ ಸಂಗತಿಗಳೇ ಬೇರೆ, ನಮ್ಮ ಸಂಗತಿಗಳೇ ಬೇರೆ ಎಂದು ತೋರಿಸುವ ದಾರಿ ಒಂದಿದೆ. ಆದರೆ ‘ಬೇರೆ’ ಎಂದು ಹೇಳಿಬಿಟ್ಟರೆ ಸಾಲದು.

ಮೊದಲು ಆ ಪ್ರಕರಣದಲ್ಲಿ ನಡೆದದ್ದೇನು ನೋಡೋಣ. ಫಿರ್ಯಾದಿ 1997ರಲ್ಲಿ ನಿವೃತ್ತರಾದ ಬಸ್ ಕಂಡಕ್ಟರ್. 2011ರಲ್ಲಿ ಆರು ಲಕ್ಷ ರೂಪಾಯಿ ಕೈಗಡ ಕೊಟ್ಟೆ, ಅದಕ್ಕೆ ಬಂದ ಚೆಕ್ ಬೌನ್ಸ್ ಆಯಿತು ಎಂಬುದು ಅವರ ಫಿರ್ಯಾದು. ನಿವೃತ್ತಿಯಾದಾಗ ಸಿಕ್ಕಿದ್ದು ಎಂಟು ಲಕ್ಷ. 2010ರಲ್ಲಿ ಒಂದು ಕ್ರಯದ ಕರಾರಿಗೆ ನಾಲ್ಕೂವರೆ ಲಕ್ಷ ಹೋಗಿತ್ತು. ಹಾಗಿರುವಾಗ ಆರು ಲಕ್ಷ ಎಲ್ಲಿಂದ ಬಂತು ಎಂದು ಆರೋಪಿ ಪ್ರಶ್ನಿಸಿದರು. ಫಿರ್ಯಾದಿ ಅದಕ್ಕೆ ಸಾಕ್ಷ್ಯ ಒದಗಿಸಲಿಲ್ಲ. ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್ ಖುಲಾಸೆಯನ್ನೇ ಎತ್ತಿಹಿಡಿಯಿತು.

ಚೆಕ್ಕಿಗೆ ಸಹಿ ಮಾಡಿದ್ದು ಒಪ್ಪಿತವಾದರೆ ಅದು ಸಾಲಕ್ಕಾಗಿಯೇ ಕೊಟ್ಟದ್ದು ಎಂದು ಕಾನೂನು ಭಾವಿಸುತ್ತದೆ. 139ನೇ ಕಲಂ ಹೇಳುವುದು ಇದನ್ನೇ. 2010ರ ರಂಗಪ್ಪ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಖಚಿತಪಡಿಸಿತ್ತು, ಅದೂ ಕರ್ನಾಟಕದಿಂದ ಹೋದ ಪ್ರಕರಣವೇ. ಬಸಲಿಂಗಪ್ಪ ತೀರ್ಪು ಆ ನಿಯಮವನ್ನು ಮುರಿಯಲಿಲ್ಲ. ಆರೋಪಿ ನಂಬುವಂಥ ಅನುಮಾನ ಎಬ್ಬಿಸಿದರೆ ಹೊಣೆ ಮತ್ತೆ ಫಿರ್ಯಾದಿಯ ಮೇಲೆ ಬರುತ್ತದೆ, ಆ ಫಿರ್ಯಾದಿ ಅದನ್ನು ಹೊರಲಿಲ್ಲ ಎಂದಷ್ಟೇ ಹೇಳಿತು.

ಈಗ ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಅಡಿಕೆ ಬೆಳೆಗಾರರೊಬ್ಬರು ಪರಿಚಯದ ವ್ಯಾಪಾರಿಗೆ ಐದು ಲಕ್ಷ ಸಾಲ ಕೊಟ್ಟಿದ್ದಾರೆ. ಮೂರು ಲಕ್ಷ ಬ್ಯಾಂಕ್ ಖಾತೆಯಿಂದ ವ್ಯಾಪಾರಿಯ ಖಾತೆಗೆ ಹೋಗಿದೆ. ಉಳಿದ ಎರಡು ಲಕ್ಷ ನಗದು, ಎರಡು ದಿನ ಮೊದಲು ಅದೇ ಖಾತೆಯಿಂದ ತೆಗೆದದ್ದು. ಆ ತಿಂಗಳು ಸೊಸೈಟಿಯಲ್ಲಿ ಅಡಿಕೆ ಮಾರಿದ ಬಿಲ್ಲೂ ಇದೆ. ಚೆಕ್ ಬೌನ್ಸ್ ಆದ ಮೇಲೆ ಕಳಿಸಿದ ನೋಟಿಸಿಗೆ ವ್ಯಾಪಾರಿ ಉತ್ತರ ಕೊಟ್ಟಿಲ್ಲ. ಪಾಟೀ ಸವಾಲಿನಲ್ಲಿ ಮಾತ್ರ ‘ನಿಮಗೆ ಅಷ್ಟು ಹಣ ಕೊಡುವ ಶಕ್ತಿ ಇರಲಿಲ್ಲ’ ಎಂದು ಸೂಚಿಸಿ, ವಾದದ ದಿನ ಬಸಲಿಂಗಪ್ಪ ತೀರ್ಪು ತಂದಿದ್ದಾರೆ.

ಇಲ್ಲಿ ವ್ಯತ್ಯಾಸಗಳು ಬೇಕಾದಷ್ಟಿವೆ. ಅವರು ಕಂಡಕ್ಟರ್, ಇವರು ರೈತರು. ಅಲ್ಲಿ ಆರು ಲಕ್ಷ, ಇಲ್ಲಿ ಐದು. ಇವುಗಳಿಂದ ಏನೂ ಆಗುವುದಿಲ್ಲ. ಬಸಲಿಂಗಪ್ಪ ಪ್ರಕರಣದ ಫಿರ್ಯಾದಿ ರೈತರಾಗಿದ್ದರೂ ಫಲಿತಾಂಶ ಅದೇ ಆಗುತ್ತಿತ್ತು. ಆದರೆ ಅವರು ಹಣದ ಮೂಲಕ್ಕೆ ಪಾಸ್‌ಬುಕ್ ಹಾಜರುಪಡಿಸಿದ್ದರೆ? ಆಗ ಖುಲಾಸೆಗೆ ಕಾರಣವಾದ ಮಾತೇ ಉಳಿಯುತ್ತಿರಲಿಲ್ಲ. ಹಳೆಯ ತೀರ್ಪಿನಿಂದ ಒಂದು ಸಂಗತಿಯನ್ನು ತೆಗೆದು ನೋಡಿದಾಗ ತೀರ್ಮಾನವೇ ಬದಲಾಗುವುದಾದರೆ ಅದು ಮುಖ್ಯ ಸಂಗತಿ. ಸಂಗತಿಯಲ್ಲಿ ಒಂದೇ ಒಂದು ಬದಲಾವಣೆಯಿಂದಲೂ ತೀರ್ಮಾನ ಬೇರೆಯಾಗಬಹುದು ಎಂದು ಸುಪ್ರೀಂ ಕೋರ್ಟೇ 2002ರ ಪದ್ಮಸುಂದರ ರಾವ್ ಪ್ರಕರಣದಲ್ಲಿ ಎಚ್ಚರಿಸಿದೆ.

ಲಿಖಿತ ವಾದದಲ್ಲಿ ಇದಕ್ಕೆ ಒಂದು ಪುಟ ಸಾಕು. ಕ್ರಿಮಿನಲ್ ಪ್ರಕರಣದಲ್ಲಿ ಮೌಖಿಕ ವಾದ ಮುಗಿಸುವ ಮೊದಲು ಇಂಥ ಟಿಪ್ಪಣಿ ಕೊಡಲು ಹಿಂದಿನ ಸಂಹಿತೆಯ 314ನೇ ಕಲಂ ಅವಕಾಶ ಕೊಟ್ಟಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 352ನೇ ಕಲಂ ಕೊಡುತ್ತದೆ. ಪ್ರತಿಯನ್ನು ಎದುರು ಪಕ್ಷಕ್ಕೂ ಕೊಡಬೇಕು. ನನ್ನ ಮಟ್ಟಿಗೆ ಅದು ಹೀಗಿದ್ದರೆ ಚೆನ್ನ: ‘ಬಸಲಿಂಗಪ್ಪ ಪ್ರಕರಣದ ನಿಯಮವನ್ನು ಫಿರ್ಯಾದಿ ಒಪ್ಪುತ್ತಾರೆ. ಅಲ್ಲಿ ಹಣದ ಮೂಲವನ್ನು ಪ್ರಶ್ನಿಸಿದಾಗ ಫಿರ್ಯಾದಿ ಸಾಕ್ಷ್ಯ ಕೊಡಲಿಲ್ಲ. ಖುಲಾಸೆಗೆ ಅದೇ ಕಾರಣ. ಇಲ್ಲಿ ಮೂರು ಲಕ್ಷ ಆರೋಪಿಯ ಖಾತೆಗೇ ಜಮಾ ಆಗಿದೆ (ನಿಶಾನೆ ಪಿ-7). ಎರಡು ಲಕ್ಷ ನಗದು ತೆಗೆದ ದಾಖಲೆಯಿದೆ (ನಿಶಾನೆ ಪಿ-8), ಅಡಿಕೆ ಮಾರಾಟದ ಬಿಲ್ ಇದೆ (ನಿಶಾನೆ ಪಿ-9). ಆದ್ದರಿಂದ ಆ ನಿಯಮ ಕೇಳುವ ಹೊಣೆಯನ್ನು ಫಿರ್ಯಾದಿ ನಿರ್ವಹಿಸಿದ್ದಾರೆ.’

ತೀರ್ಪನ್ನು ತಪ್ಪು ಎನ್ನುವ ಒಂದು ಮಾತೂ ಇದರಲ್ಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಸುಪ್ರೀಂ ಕೋರ್ಟ್ ತೀರ್ಪು ಸರಿಯಿಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ. ನಿಯಮವನ್ನು ಒಪ್ಪಿದವರ ಮಾತಿಗೆ ಅಲ್ಲಿ ಬೆಲೆ ಹೆಚ್ಚು. ಇನ್ನೊಂದು, ಪ್ರತಿಯೊಂದು ವ್ಯತ್ಯಾಸಕ್ಕೂ ನಿಶಾನೆಯ ಸಂಖ್ಯೆ ಇದೆ. ಸಾಕ್ಷ್ಯದಲ್ಲಿ ಬಾರದ ಪಾಸ್‌ಬುಕ್ಕನ್ನು ಲಿಖಿತ ವಾದದ ಜೊತೆ ಲಗತ್ತಿಸಿದರೆ ಅದು ಸಾಕ್ಷ್ಯವಾಗುವುದಿಲ್ಲ. ಎಷ್ಟೋ ಪ್ರಕರಣಗಳು ಕೈತಪ್ಪುವುದು ಇಲ್ಲಿಯೇ.

ಇದಕ್ಕೆ ಬಲ ಕೊಡುವ ಇನ್ನೊಂದು ತೀರ್ಪು 2022ರ ತೇಢಿ ಸಿಂಗ್ ಪ್ರಕರಣದ್ದು. ಅಲ್ಲಿಯೂ ಆರೋಪಿ ಬಸಲಿಂಗಪ್ಪ ತೀರ್ಪನ್ನೇ ಹಿಡಿದು ಬಂದಿದ್ದರು. ನೋಟಿಸಿನ ಉತ್ತರದಲ್ಲಿ ಆ ಆಕ್ಷೇಪ ಎತ್ತದಿದ್ದರೆ, ಫಿರ್ಯಾದಿ ಮೊದಲಿಗೇ ತನ್ನ ಹಣಕಾಸಿನ ಶಕ್ತಿಯನ್ನು ಸಾಬೀತು ಮಾಡಬೇಕೆಂದು ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿ, ಶಿಕ್ಷೆಯನ್ನು ಉಳಿಸಿತು. ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಎರಡೂ ಪೀಠಗಳಲ್ಲಿದ್ದರು. ಆದರೆ ಇದನ್ನು ಎಳೆದು ದೊಡ್ಡದು ಮಾಡಬಾರದು. ಪಾಟೀ ಸವಾಲಿನ ಮೂಲಕವೂ ಆರೋಪಿ ಈ ಪ್ರಶ್ನೆ ಎತ್ತಬಹುದು ಎಂದು ಅದೇ ತೀರ್ಪು ಸ್ಪಷ್ಟವಾಗಿ ಹೇಳಿದೆ. ಅಷ್ಟನ್ನು ಬಿಟ್ಟು ಓದಿದರೆ ಎದುರು ವಕೀಲರು ಮುಂದಿನ ಸಾಲನ್ನು ಓದಿ ತೋರಿಸುತ್ತಾರೆ.

ಮೌಖಿಕ ವಾದದಲ್ಲಿ ಪ್ರತಿಕೂಲ ತೀರ್ಪನ್ನು ನಾವೇ ಮೊದಲು ಎತ್ತಿಕೊಳ್ಳುವುದು ಒಳ್ಳೆಯದು. ನ್ಯಾಯಾಧೀಶರು ಕೇಳುವ ಪ್ರಶ್ನೆ ಬಹುತೇಕ ಊಹಿಸಬಹುದಾದದ್ದು: ‘ಶಕ್ತಿಯ ಬಗ್ಗೆ ಇಲ್ಲಿಯೂ ಪಾಟೀ ಸವಾಲಿನಲ್ಲಿ ಕೇಳಿದ್ದಾರಲ್ಲ?’ ‘ಹೌದು ಸ್ವಾಮಿ, ನಾಲ್ಕನೇ ಪುಟದಲ್ಲಿ ಕೇಳಿದ್ದಾರೆ. ಅದಕ್ಕೆ ಉತ್ತರವಾಗಿಯೇ ನಿಶಾನೆ ಪಿ-7 ಇದೆ’ ಎಂದು ಪುಟ ತೆರೆದು ತೋರಿಸಬೇಕು. ಮುಂದಿನ ಪ್ರಶ್ನೆ ನಗದಿನ ಮೇಲೆ ಬರುತ್ತದೆ: ‘ಎರಡು ಲಕ್ಷ ಅವರ ಕೈಗೇ ಹೋಯಿತು ಎನ್ನಲು ಏನಿದೆ?’ ನಮ್ಮ ಪ್ರಕರಣದ ಬಲಹೀನ ಜಾಗ ಅದೇ. ಅದನ್ನು ಮುಚ್ಚಿಡದೆ, ಹಣ ತೆಗೆದ ದಿನಾಂಕ, ಸಾಲದ ದಿನಾಂಕ, ಪೂರ್ತಿ ಐದು ಲಕ್ಷಕ್ಕೆ ಬಂದ ಚೆಕ್ ಮತ್ತು ಆರೋಪಿ ಒಪ್ಪಿದ ಸಹಿಯನ್ನು ಒಟ್ಟಿಗೆ ತೋರಿಸಿ, 139ನೇ ಕಲಮಿಗೆ ಬರಬೇಕು.

ಐದು ಲಕ್ಷವೂ ನಗದಾಗಿದ್ದು, ಪಾಸ್‌ಬುಕ್ಕೂ ಬಿಲ್ಲೂ ಇಲ್ಲದಿದ್ದರೆ? ಆಗ ಬಸಲಿಂಗಪ್ಪ ತೀರ್ಪಿಗೂ ನಮಗೂ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ. ನೋಟಿಸಿಗೆ ಉತ್ತರ ಬಂದಿಲ್ಲ ಎಂಬುದೊಂದೇ ಆಸರೆ, ಅದು ಗಟ್ಟಿಯಾದ ಆಸರೆಯಲ್ಲ.

ಆದ್ದರಿಂದ ಫಿರ್ಯಾದು ಕೊಡುವವರಿಗೆ ಒಂದು ಮಾತು: ಹಣ ಎಲ್ಲಿಂದ ಬಂತು ಎನ್ನುವ ಕಾಗದಗಳನ್ನು ವಾದದ ದಿನಕ್ಕೆ ಕಾಯದೆ, ನಿಮ್ಮ ಸಾಕ್ಷ್ಯ ಮುಗಿಯುವ ಮೊದಲೇ ವಕೀಲರ ಕೈಗೆ ಕೊಡಿ.