ಯೆನ್ ಕೊಟ್ಟು ಡಾಲರ್ ಪಡೆದವರು ತೆರುವ ಹೆಚ್ಚುವರಿ ಬಡ್ಡಿ

ಜಪಾನಿನ ಜೀವವಿಮಾ ಕಂಪನಿಗಳಿಗೆ ಹಣದ ಕೊರತೆಯಿಲ್ಲ. ಆದರೆ ಇರುವುದೆಲ್ಲ ಯೆನ್. ತಮ್ಮ ದೇಶದಲ್ಲಿ ಬಡ್ಡಿ ವರ್ಷಗಟ್ಟಲೆ ಸೊನ್ನೆಯ ಆಸುಪಾಸಿನಲ್ಲೇ ಉಳಿದಾಗ ಅವು ಅಮೆರಿಕದ ಸಾಲಪತ್ರಗಳತ್ತ ತಿರುಗಿದವು. ಅದಕ್ಕೆ ಡಾಲರ್ ಬೇಕು. ಯೆನ್ ಮಾರಿ ಡಾಲರ್ ಕೊಳ್ಳಬಹುದು ನಿಜ. ಆದರೆ ಪಾಲಿಸಿದಾರರಿಗೆ ಕೊಡಬೇಕಾದದ್ದು ಯೆನ್ ಆದ್ದರಿಂದ ನಡುವೆ ಡಾಲರ್ ಬೆಲೆ ಇಳಿದರೆ ಕೈ ಸುಟ್ಟುಕೊಳ್ಳಬೇಕಾಗುತ್ತದೆ. ಈ ಭಯ ತಪ್ಪಿಸುವ ದಾರಿಯೇ ಸ್ವಾಪ್. ಇಂದು ಯೆನ್ ಕೊಟ್ಟು ಡಾಲರ್ ಪಡೆಯುವುದು, ಗೊತ್ತಾದ ದಿನ ಡಾಲರ್ ಮರಳಿಸಿ ಯೆನ್ ವಾಪಸು ಪಡೆಯುವುದು. ವಾಪಸಾತಿಯ ದರವನ್ನು, ಅಂದರೆ ಫಾರ್ವರ್ಡ್ ದರವನ್ನು, ಇಂದೇ ನಿಗದಿ ಮಾಡಿಕೊಳ್ಳುತ್ತಾರೆ. ಒಟ್ಟಿನಲ್ಲಿ ಇದು ಯೆನ್ ಅಡವಿಟ್ಟು ಪಡೆದ ಡಾಲರ್ ಸಾಲ.

ಈ ಸಾಲದ ಬಡ್ಡಿ ಎಷ್ಟು? ಸುಲಭದ ಅಂಕಿಗಳಲ್ಲಿ ನೋಡೋಣ. ಡಾಲರ್ ಬಡ್ಡಿ ಶೇ. 2, ಯೆನ್ ಬಡ್ಡಿ ಸೊನ್ನೆ, ಇಂದಿನ ದರ ಡಾಲರಿಗೆ 100 ಯೆನ್ ಎಂದುಕೊಳ್ಳಿ. ಕಂಪನಿ 100 ಕೋಟಿ ಯೆನ್ ಕೊಟ್ಟು 1 ಕೋಟಿ ಡಾಲರ್ ಪಡೆಯುತ್ತದೆ. ಬಡ್ಡಿಯ ಅಂತರವಷ್ಟೇ ಲೆಕ್ಕಕ್ಕೆ ಬರುವುದಾದರೆ ಒಂದು ವರ್ಷದ ಫಾರ್ವರ್ಡ್ ದರ 100ನ್ನು 1.02ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 98.04 ಯೆನ್ ಆಗಬೇಕು. ಆದರೆ ಮಾರುಕಟ್ಟೆಯಲ್ಲಿ ಸಿಗುವುದು 97.50 ಎಂದಿಟ್ಟುಕೊಳ್ಳಿ. ವರ್ಷ ಕಳೆದು 1 ಕೋಟಿ ಡಾಲರ್ ಮರಳಿಸಿದ ಕಂಪನಿಗೆ 97.5 ಕೋಟಿ ಯೆನ್ ಮಾತ್ರ ಬರುತ್ತದೆ. ಕಡಿಮೆಯಾದ 2.5 ಕೋಟಿ ಯೆನ್ ಅದೇ ದರದಲ್ಲಿ ಸುಮಾರು 2.56 ಲಕ್ಷ ಡಾಲರಿಗೆ ಸಮ. ಹೆಸರಿಗೆ ಶೇ. 2 ಇದ್ದ ಬಡ್ಡಿ ನಿಜದಲ್ಲಿ ಶೇ. 2.56 ಆಯಿತು. ಮೇಲಿನ ಶೇ. 0.56 ಭಾಗವೇ ಕ್ರಾಸ್ ಕರೆನ್ಸಿ ಬೇಸಿಸ್. ಹಲವು ವರ್ಷಗಳ ಒಪ್ಪಂದಗಳಲ್ಲಿ ಇದನ್ನು ಯೆನ್ ಕೊಟ್ಟವರಿಗೆ ಸಲ್ಲುವ ಬಡ್ಡಿಯಿಂದ ಕಳೆಯುತ್ತಾರೆ. ಹಾಗಾಗಿ ಮಾರುಕಟ್ಟೆಯವರು ‘ಮೈನಸ್ 56’ ಎನ್ನುತ್ತಾರೆ.

2007ರವರೆಗೆ ಪ್ರಮುಖ ಕರೆನ್ಸಿಗಳಲ್ಲಿ ಈ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆಯೇ ಇತ್ತು. ಒಂದಿಷ್ಟು ತಲೆದೋರಿದರೂ ಬ್ಯಾಂಕುಗಳು ಶೇ. 2ಕ್ಕೆ ಡಾಲರ್ ಸಾಲ ತಂದು ಸ್ವಾಪ್ ಮೂಲಕ ಶೇ. 2.56ಕ್ಕೆ ಕೊಟ್ಟು ಲಾಭ ಮಾಡಿಕೊಳ್ಳುತ್ತಿದ್ದವು. ಆ ಪೈಪೋಟಿಯಲ್ಲೇ ಅಂತರ ಮಾಯವಾಗುತ್ತಿತ್ತು. 2008ರ ಬಿಕ್ಕಟ್ಟಿನಲ್ಲಿ ಬ್ಯಾಂಕುಗಳು ಪರಸ್ಪರ ನಂಬಿಕೆ ಕಳೆದುಕೊಂಡಾಗ ಅದು ಹಿಗ್ಗಿದ್ದು ಸಹಜ. ಆಶ್ಚರ್ಯವೆಂದರೆ ಬಿಕ್ಕಟ್ಟು ಮುಗಿದ ಮೇಲೂ ಅದು ಪೂರ್ತಿ ಹೋಗಲಿಲ್ಲ.

ಕಾರಣ ಬ್ಯಾಂಕಿನ ಬಂಡವಾಳದ ಲೆಕ್ಕದಲ್ಲಿದೆ. ಬಿಕ್ಕಟ್ಟಿನ ನಂತರ ಬಂದ ನಿಯಮಗಳು ವ್ಯವಹಾರ ಎಷ್ಟೇ ಸುರಕ್ಷಿತವಾಗಿದ್ದರೂ ಅದರ ಗಾತ್ರಕ್ಕೆ ತಕ್ಕ ಬಂಡವಾಳ ಇರಲೇಬೇಕು ಎಂದವು. 2018ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ಅಮೆರಿಕದ ಅತಿ ದೊಡ್ಡ ಬ್ಯಾಂಕಿಂಗ್ ಸಮೂಹಗಳಿಗೆ ಈ ಪ್ರಮಾಣ ಶೇ. 5 ಇತ್ತು. ನಮ್ಮ 1 ಕೋಟಿ ಡಾಲರಿನ ಸ್ವಾಪ್‌ಗೆ 5 ಲಕ್ಷ ಡಾಲರ್ ಬಂಡವಾಳ ಬೇಕಾಯಿತು. ಷೇರುದಾರರು ಅದರ ಮೇಲೆ ಶೇ. 10 ಗಳಿಕೆ ಬಯಸಿದರೆ 50 ಸಾವಿರ ಡಾಲರ್ ಹುಟ್ಟಬೇಕು. ಸ್ವಾಪ್‌ನಿಂದ ಬರುವುದು 56 ಸಾವಿರ. ಅಂತರ ಶೇ. 0.50ಕ್ಕಿಂತ ಕೆಳಗಿಳಿದರೆ ಬ್ಯಾಂಕಿಗೆ ಈ ವ್ಯವಹಾರ ಗಿಟ್ಟುವುದೇ ಇಲ್ಲ.

ತ್ರೈಮಾಸಿಕದ ಕೊನೆಯಲ್ಲಿ ಇದಕ್ಕೆ ಪುರಾವೆ ಸಿಗುತ್ತದೆ. ಯುರೋಪಿನ ಹಲವು ಬ್ಯಾಂಕುಗಳ ಲೆಕ್ಕಪಟ್ಟಿಯನ್ನು ಆ ದಿನದ ಸ್ಥಿತಿಯ ಮೇಲೆ ಅಳೆಯುತ್ತಿದ್ದುದರಿಂದ ಅವು ಸ್ವಾಪ್ ಕಡಿಮೆ ಮಾಡಿಕೊಳ್ಳುತ್ತಿದ್ದವು. ಒಂದು ವಾರದ ಸ್ವಾಪ್ ಆ ದಿನವನ್ನು ದಾಟುವಂತಿದ್ದರೆ ಅದರ ಬೆಲೆ ದಿಢೀರನೆ ಏರುತ್ತಿತ್ತು. ದಿನ ಕಳೆದರೆ ಮತ್ತೆ ಇಳಿಯುತ್ತಿತ್ತು. ಸಾಲಗಾರರ ಯೋಗ್ಯತೆ ಒಂದೇ ದಿನಕ್ಕೆ ಕೆಟ್ಟು ಸರಿಯಾಗಲಾರದು. ಬದಲಾದದ್ದು ಬ್ಯಾಂಕಿನ ಲೆಕ್ಕಪಟ್ಟಿಯಲ್ಲಿದ್ದ ಜಾಗ.

ಬೇಡಿಕೆ ಒಂದೇ ದಿಕ್ಕಿನಲ್ಲಿ ಇರುವುದೂ ಮುಖ್ಯ. ಆಸ್ಟ್ರೇಲಿಯಾದ ಬ್ಯಾಂಕುಗಳು ಹೊರಗೆ ಡಾಲರ್ ಸಾಲ ತಂದು ತಮ್ಮ ಕರೆನ್ಸಿಗೆ ಬದಲಿಸಿಕೊಳ್ಳುತ್ತವೆ. ಹಾಗಾಗಿ ಅಲ್ಲಿ ದೀರ್ಘಾವಧಿಯ ಬೇಸಿಸ್ ಸಾಮಾನ್ಯವಾಗಿ ಪ್ಲಸ್ ಇರುತ್ತದೆ. ಡಾಲರ್ ಕೊಡುವವರು ಹೆಚ್ಚು, ಪಡೆಯುವವರು ಕಡಿಮೆ.

ಅಂತರ ಮಿತಿಮೀರಿದಾಗ ಅಮೆರಿಕದ ಫೆಡರಲ್ ರಿಸರ್ವ್ ಬೇರೆ ಕೇಂದ್ರ ಬ್ಯಾಂಕುಗಳಿಗೆ ಡಾಲರ್ ಕೊಡುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಗಾಬರಿಗೆ ಡಾಲರ್ ದುಬಾರಿಯಾದಾಗ ಅದು ತನ್ನ ಹೆಚ್ಚುವರಿ ದರವನ್ನು ಶೇ. 0.25ಕ್ಕೆ ಇಳಿಸಿತು. ಜಪಾನ್ ಕೇಂದ್ರ ಬ್ಯಾಂಕ್ 200 ಶತಕೋಟಿ ಡಾಲರಿಗೂ ಹೆಚ್ಚು ಪಡೆಯಿತು, ಬೇಸಿಸ್ ಕುಗ್ಗಿತು.

ಡಾಲರ್ ಸಾಲಪತ್ರಗಳಲ್ಲಿ ಹಣ ಹೂಡಿ ವಿನಿಮಯದ ಅಪಾಯವನ್ನು ಸ್ವಾಪ್‌ನಿಂದ ಕಟ್ಟಿಹಾಕಿದ್ದೇವೆ ಎಂದು ಯಾರಾದರೂ ಹೇಳಿದರೆ ಎರಡು ದೇಶಗಳ ಬಡ್ಡಿ ಕೇಳಿ ತೃಪ್ತರಾಗಬೇಡಿ. ಇಂದಿನ ದರವನ್ನೂ ಫಾರ್ವರ್ಡ್ ದರವನ್ನೂ ಕೇಳಿ. ನಿಜವಾದ ಖರ್ಚು ಆ ಎರಡು ಅಂಕಿಗಳಲ್ಲಿದೆ.