ಮಾರ್ಜಿನ್ 20, ಬಾಕಿ 60 ದಿನ: ದಾಲ್ ಮಿಲ್ಲಿನ ಲೆಕ್ಕ ತಪ್ಪುವುದೆಲ್ಲಿ?

ಔರಾದ್, ಭಾಲ್ಕಿ ಸೀಮೆಯ ತೊಗರಿ ಬೀದರಿನ ಗಾಂಧಿ ಗಂಜಿಗೆ ಬರುವುದು ಹೊಸದೇನಲ್ಲ. ಈಗ ಸಣ್ಣ ದಾಲ್ ಮಿಲ್‌ಗಳು ಬೇಳೆಯನ್ನು ಸ್ವಂತ ಹೆಸರಿನ ಒಂದು ಕಿಲೋ ಪ್ಯಾಕೆಟ್ಟಿಗೆ ತುಂಬಿ, ಹೈದರಾಬಾದಿನ ದೊಡ್ಡ ಮಳಿಗೆ ಸರಣಿಗಳಿಗೆ ಕೊಡಬೇಕೆಂದು ಹೊರಡುತ್ತಿವೆ. ಗಂಜಿನ ವ್ಯವಹಾರದಲ್ಲಿ ಅಡತ್, ಹಮಾಲಿ, ತೂಕದ ಖರ್ಚು ಎಲ್ಲವೂ ಒಂದೇ ಪಟ್ಟಿಯಲ್ಲಿ ಕಣ್ಣಿಗೆ ಬೀಳುತ್ತವೆ. ದೊಡ್ಡ ಮಳಿಗೆಯ ಕಡಿತಗಳು ಹಾಗಲ್ಲ. ಒಂದಿಷ್ಟು ಒಪ್ಪಂದದಲ್ಲಿ, ಒಂದಿಷ್ಟು ಇಮೇಲಿನಲ್ಲಿ, ಉಳಿದದ್ದು ಮೂರು ತಿಂಗಳ ನಂತರ ಬರುವ ಡೆಬಿಟ್ ನೋಟಿನಲ್ಲಿ ಇರುತ್ತದೆ. ಆ ಕಾರಣಕ್ಕೇ ಈ ವ್ಯವಹಾರದ ಬಗ್ಗೆ ಕೆಲವು ತಪ್ಪು ತಿಳಿವಳಿಕೆಗಳು ಗಟ್ಟಿಯಾಗಿ ಬೇರೂರಿವೆ.

"20 ಪರ್ಸೆಂಟ್ ಮಾರ್ಜಿನ್ ಅಂದ್ರ ನಮ್ಮ ರೇಟಿನ ಮ್ಯಾಲೆ 20 ಹಾಕ್ಕೋತಾರ್ರೀ"

ಇಲ್ಲ. ಮಾರ್ಜಿನ್ ಲೆಕ್ಕ ಶುರುವಾಗುವುದು ಪ್ಯಾಕೆಟ್ಟಿನ ಮೇಲೆ ಅಚ್ಚಾದ ಎಂಆರ್‌ಪಿಯಿಂದ. ನಿಮ್ಮ ದರದಿಂದ ಅವರು ಮೇಲಕ್ಕೆ ಏರುವುದಿಲ್ಲ, ಎಂಆರ್‌ಪಿಯಿಂದ ನಿಮ್ಮ ಕಡೆಗೆ ಇಳಿಯುತ್ತಾರೆ.

ಔರಾದಿನ ಒಂದು ಮಿಲ್ ಒಂದು ಕಿಲೋ ತೊಗರಿಬೇಳೆಗೆ 168 ರೂಪಾಯಿ ಎಂಆರ್‌ಪಿ ಹಾಕಿದೆ ಎಂದಿಟ್ಟುಕೊಳ್ಳೋಣ. ಪ್ಯಾಕ್ ಮಾಡಿ ಹೆಸರು ಅಂಟಿಸಿದ ಬೇಳೆಗೆ 2022ರ ಜುಲೈ 18ರಿಂದ ಶೇ. 5 ಜಿಎಸ್‌ಟಿ ಇದೆ; ಅದು ಎಂಆರ್‌ಪಿಯ ಒಳಗೇ ಸೇರಿರುತ್ತದೆ. ಎಂಆರ್‌ಪಿಯ ಶೇ. 20 ಕಳೆದರೆ 134 ರೂಪಾಯಿ 40 ಪೈಸೆ. ಅದರಿಂದ ಜಿಎಸ್‌ಟಿ ತೆಗೆದರೆ ಮಿಲ್ಲಿನ ದರ 128 ರೂಪಾಯಿ. ಮಾಲೀಕರು ಎಣಿಸಿದಂತೆ ದರದ ಮೇಲೆ 20 ಹಾಕಿಕೊಂಡಿದ್ದರೆ ಇದೇ ಎಂಆರ್‌ಪಿಗೆ ಅವರಿಗೆ 133 ರೂಪಾಯಿ 33 ಪೈಸೆ ಸಿಗಬೇಕಿತ್ತು. ಕಿಲೋಗೆ 5 ರೂಪಾಯಿ 33 ಪೈಸೆ ಮೊದಲ ಮಾತುಕತೆಯಲ್ಲೇ ಕೈಬಿಟ್ಟಿತು. ಬೇಳೆಯಂಥ ತೆಳು ಲಾಭದ ಮಾಲಿನಲ್ಲಿ ಇದು ಸಣ್ಣ ಮೊತ್ತವಲ್ಲ.

ಈಗ ಖರ್ಚಿನ ಕಡೆ ನೋಡೋಣ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ದರಕ್ಕೆ ಕೊಂಡು, ಕ್ವಿಂಟಲ್‌ಗೆ 72 ಕಿಲೋ ಬೇಳೆ ಬಂದರೆ ಕಾಳಿನ ಖರ್ಚೇ ಕಿಲೋ ಬೇಳೆಗೆ 111 ರೂಪಾಯಿ. ಹೊಟ್ಟು, ಚುನ್ನಿ, ನುಚ್ಚು ಮಾರಿದ ಹಣ ಕಳೆದು, ಮಿಲ್ಲಿಂಗ್, ಪ್ಯಾಕಿಂಗ್, ಹೈದರಾಬಾದಿನ ಗೋದಾಮಿನವರೆಗಿನ ಲಾರಿ ಬಾಡಿಗೆ ಕೂಡಿಸಿದರೆ 120 ರೂಪಾಯಿ ಬೀಳುತ್ತದೆ ಎಂದು ಹಿಡಿಯೋಣ. ಬಿಲ್ 128, ಖರ್ಚು 120. ಕಿಲೋಗೆ 8 ರೂಪಾಯಿ ಉಳಿಯುವಂತೆ ಕಾಣುತ್ತದೆ.

"ಮಾರ್ಜಿನ್ ಮಾತಾಡಿ ಮುಗಿಸಿದರೆ ಎಲ್ಲ ಮುಗಿದ ಹಾಗೆ"

ಆ 8 ರೂಪಾಯಿ ಕರಗುವುದು ಮಾರ್ಜಿನ್ ಆಚೆಗಿನ ಕಡಿತಗಳಲ್ಲಿ. ಗೋದಾಮಿನಿಂದ ಮಳಿಗೆಗೆ ಸಾಗಿಸಲು ಶೇ. 2, ಆಫರ್ ಮತ್ತು ಪ್ರಚಾರಕ್ಕೆ ಶೇ. 2, ಹರಿದ ಅಥವಾ ಹುಳ ಬಿದ್ದ ಪ್ಯಾಕೆಟ್ಟುಗಳಿಗೆ ಶೇ. 1 ಎಂದು ಒಪ್ಪಂದದಲ್ಲಿದ್ದರೆ ಒಟ್ಟು ಶೇ. 5 ಆಯಿತು. 128ರ ಮೇಲೆ 6 ರೂಪಾಯಿ 40 ಪೈಸೆ. ಉಳಿದದ್ದು 1 ರೂಪಾಯಿ 60 ಪೈಸೆ.

ಇದಕ್ಕೆ 60 ದಿನಗಳ ಉಧಾರಿ ಸೇರಿಸಿ. ಮಿಲ್ಲಿನ ಬ್ಯಾಂಕ್ ಸಾಲಕ್ಕೆ ವರ್ಷಕ್ಕೆ ಶೇ. 12 ಬಡ್ಡಿ ಇದ್ದರೆ, 120 ರೂಪಾಯಿ 60 ದಿನ ಸಿಕ್ಕಿಬೀಳುವುದರಿಂದ ಕಿಲೋಗೆ 2 ರೂಪಾಯಿ 37 ಪೈಸೆ ಬಡ್ಡಿ. ಅಲ್ಲಿಗೆ ಕಿಲೋಗೆ 77 ಪೈಸೆ ನಷ್ಟ. ತಿಂಗಳಿಗೆ 10 ಟನ್ ಕಳಿಸಿದರೆ 7,700 ರೂಪಾಯಿ ಕೈಯಿಂದ ಹೋಗುತ್ತದೆ, ಯಾವ ಹೊತ್ತಿಗೂ 24 ಲಕ್ಷ ರೂಪಾಯಿ ಮಳಿಗೆಯವರ ಬಳಿಯೇ ಇರುತ್ತದೆ. ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನಂತೂ ಹಣ ಬರಲಿ, ಬಿಡಲಿ, ತಿಂಗಳ ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ತಮ್ಮ ಕಿಸೆಯಿಂದ ಕಟ್ಟಬೇಕು. ವಹಿವಾಟು ಬೆಳೆದಷ್ಟೂ ನಷ್ಟ ಬೆಳೆಯುವ ವ್ಯಾಪಾರವಿದು. ಸರಕು ಚೆನ್ನಾಗಿ ಓಡುತ್ತಿದ್ದರೂ ಮಿಲ್ಲಿನ ಕ್ಯಾಶ್ ಕ್ರೆಡಿಟ್ ಖಾತೆ ಸದಾ ಮಿತಿ ಮುಟ್ಟಿಯೇ ಇದ್ದರೆ, ಕಾರಣವನ್ನು ಇಲ್ಲಿ ಹುಡುಕಬೇಕು.

ಆದ್ದರಿಂದ ಖರೀದಿ ವಿಭಾಗದವರ ಎದುರು ಕೂತಾಗ ಮೊದಲು ಕೇಳಬೇಕಾದದ್ದು ಎಲ್ಲ ಕಡಿತಗಳನ್ನು ಒಂದೇ ಹಾಳೆಯಲ್ಲಿ, ಒಟ್ಟು ಮಿತಿಯೊಂದಿಗೆ. ಹಾನಿಯ ಮಾಲಿಗೆ ವಾಸ್ತವದ ಲೆಕ್ಕ ಬೇಡ, ನಿಗದಿತ ಶೇಕಡಾವಾರು ಇರಲಿ. ಇಲ್ಲವಾದರೆ ಅವರ ಗೋದಾಮಿನಲ್ಲಿ ಹುಳ ಬಿದ್ದದ್ದೂ ನಿಮ್ಮ ತಲೆಗೇ ಬರುತ್ತದೆ. ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯದ ಆಫರ್‌ಗೆ ಕಡಿತವಿಲ್ಲ ಎಂದು ಬರೆಸಿ. ಡೆಬಿಟ್ ನೋಟು ಮಾಲು ತಲುಪಿದ 30 ದಿನದೊಳಗೆ ಬರಬೇಕೆಂದೂ ಸೇರಿಸಿ. ಮಾರಾಟವಾಗದ ಮಾಲು ಹಿಂದಿರುಗಿಸುವ ಷರತ್ತು ಇದ್ದರೆ ಪರ್ಚೇಸ್ ಆರ್ಡರನ್ನು ಮಾರಾಟವೆಂದು ನಂಬಬೇಡಿ. ಅದು ನಿಮ್ಮ ಬೇಳೆಯನ್ನು ಅವರ ಕಪಾಟಿನಲ್ಲಿ ಇಟ್ಟಂತೆ ಅಷ್ಟೇ. ತೊಗರಿ ದರ ವಾರದಲ್ಲೇ ಏರಿಳಿಯುವುದರಿಂದ ಒಪ್ಪಿದ ದರಕ್ಕೆ 15 ದಿನದ ಅವಧಿ ಹಾಕಿಸುವುದೂ ಅಷ್ಟೇ ಮುಖ್ಯ.

ಇನ್ನೊಂದು ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ವರ್ಷಕ್ಕೆ ಶೇ. 12 ಎಂದರೆ ತಿಂಗಳಿಗೆ ಶೇ. 1. "45 ದಿನ ಮುಂಚೆ ಹಣ ಕೊಡ್ತೀವಿ, ಶೇ. 2 ಬಿಡಿ" ಎಂದು ಅವರು ಕೇಳಿದರೆ, ನೀವು ವರ್ಷಕ್ಕೆ ಶೇ. 16ರಷ್ಟು ಬಡ್ಡಿ ತೆತ್ತಂತಾಯಿತು. ಬ್ಯಾಂಕಿನ ಹಣ ಅದಕ್ಕಿಂತ ಅಗ್ಗ. ಒಂದೂವರೆಗಿಂತ ಕಡಿಮೆ ಕೇಳಿದರೆ ಮಾತ್ರ ಒಪ್ಪುವುದು ಲಾಭ.

"60 ದಿನ ಕಂಪನಿ ರೂಲ್ ಅದ, ನಾವೇನು ಮಾಡ್ಲಿಕ್ಕಾಗ್ತದ?"

ಅತಿ ಹೆಚ್ಚು ಹಾನಿ ಮಾಡುತ್ತಿರುವ ನಂಬಿಕೆ ಇದು. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನವೇ ಗಡಿ. ಒಪ್ಪಂದವೇ ಇಲ್ಲದಿದ್ದರೆ 15 ದಿನ. 60 ದಿನವೆಂದು ಸಹಿ ಮಾಡಿದ್ದರೂ 45ರ ನಂತರದ ಭಾಗ ಕಾನೂನಿನ ಮುಂದೆ ನಿಲ್ಲುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳು ಕೂಡಿಸಿ. ಬ್ಯಾಂಕ್ ದರ ಶೇ. 6 ಇದ್ದಾಗ ಅದು ಶೇ. 18.

ದಿನ ಎಣಿಸುವುದರಲ್ಲೂ ಗೊಂದಲವಿದೆ. ಗೋದಾಮಿನವರು ಮಾಲು ಇಳಿಸಿಕೊಂಡು ಹತ್ತು ದಿನದ ಮೇಲೆ ಸ್ವೀಕೃತಿ ದಾಖಲೆ ಮಾಡುತ್ತಾರೆ, ಅಲ್ಲಿಂದ ದಿನ ಎಣಿಸುತ್ತಾರೆ. ಕಾಯ್ದೆಯಲ್ಲಿ ಹಾಗಿಲ್ಲ. ಮಾಲು ತಲುಪಿದ 15 ದಿನದೊಳಗೆ ಖರೀದಿದಾರ ಲಿಖಿತ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ ಸ್ವೀಕಾರದ ದಿನ. ಆದ್ದರಿಂದ ಗೇಟಿನಲ್ಲಿ ಮೊಹರು ಬಿದ್ದ ಡೆಲಿವರಿ ಚಲನ್ ಮತ್ತು ಇ-ವೇ ಬಿಲ್ಲನ್ನು ಆಯಾ ಬಿಲ್ಲಿನ ಜೊತೆ ಪಿನ್ ಮಾಡಿ ಇಟ್ಟುಕೊಳ್ಳಿ.

ಇದೆಲ್ಲ ಸಿಗಲು ಒಂದು ಷರತ್ತಿದೆ: ಉದ್ಯಮ್ ನೋಂದಣಿ. ಅದೂ ಮಾಲು ಕಳಿಸುವ ಮೊದಲೇ. ತಡವಾಗಿ ಮಾಡಿಸಿದ ನೋಂದಣಿ ಹಿಂದಿನ ಮಾಲಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ, ಗುಜರಾತ್ ರಾಜ್ಯ ನಾಗರಿಕ ಸರಬರಾಜು ನಿಗಮ ಮತ್ತು ಮಹಾಕಾಳಿ ಫುಡ್ಸ್ ನಡುವಿನ ಪ್ರಕರಣದಲ್ಲಿ ಹೇಳಿತು. ನಂತರ ಈ ವಿಷಯ ದೊಡ್ಡ ಪೀಠಕ್ಕೆ ಹೋಗಿದೆ. ಆದರೂ ಆ ತೀರ್ಪಿಗಾಗಿ ಕಾಯುತ್ತ ಕೂರುವುದು ಜಾಣತನವಲ್ಲ. ನೋಂದಣಿಗೆ ಶುಲ್ಕವಿಲ್ಲ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣದ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗಿನ ಘಟಕ ಸಣ್ಣ ಉದ್ದಿಮೆಯೇ, ಆದ್ದರಿಂದ ನೌಬಾದ್, ಕೊಳಾರದ ಮಿಲ್‌ಗಳಲ್ಲಿ ಹೆಚ್ಚಿನವು ಇದರೊಳಗೇ ಬರುತ್ತವೆ. ಆದರೆ ಬೇಳೆ ತಯಾರಿಸದೆ ಕೊಂಡು ಮಾರುವ ವ್ಯಾಪಾರಿಗೆ ಈ 45 ದಿನದ ರಕ್ಷಣೆ ಇಲ್ಲ. ವ್ಯಾಪಾರಿಗಳನ್ನು ಉದ್ಯಮ್‌ಗೆ ಸೇರಿಸಿದ 2021ರ ಆದೇಶ ಅವರಿಗೆ ಕೊಟ್ಟದ್ದು ಆದ್ಯತಾ ವಲಯದ ಸಾಲದ ಅನುಕೂಲವನ್ನು ಮಾತ್ರ.

"ಕೇಸ್ ಹಾಕಿದರೆ ವ್ಯಾಪಾರ ಹೋಗುತ್ತದೆ, ಹಾಗಾಗಿ ಕಾನೂನು ಇದ್ದೂ ಇಲ್ಲದಂತೆ"

ಅರ್ಧ ನಿಜ. ದೂರು ಕೊಟ್ಟ ಪೂರೈಕೆದಾರನಿಗೆ ಮುಂದಿನ ಆರ್ಡರ್ ಬರುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ಕೇಸಿಲ್ಲದೆಯೇ ಕೆಲಸ ಮಾಡುವ ಅಸ್ತ್ರವೊಂದಿದೆ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾನೂನಿಗೆ 43ಬಿ(ಎಚ್) ಎಂಬ ಅಂಶ ಸೇರಿಸಿತು. ಸಣ್ಣ ಉದ್ದಿಮೆಗೆ ಕಾಲಮಿತಿಯೊಳಗೆ ಕೊಡದ ಹಣವನ್ನು, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಲು ಕಂಪನಿಗೆ ಅವಕಾಶ. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಇದು ಉಳಿದಿದೆ. ಫೆಬ್ರವರಿ ಮೊದಲ ವಾರ ತಲುಪಿದ 10 ಲಕ್ಷದ ಬೇಳೆಯ ಹಣ ಮಾರ್ಚ್ 31ಕ್ಕೂ ಬಾಕಿ ಇದ್ದರೆ, ಶೇ. 25ರ ಆಸುಪಾಸಿನ ತೆರಿಗೆ ದರದ ಕಂಪನಿ ಆ ವರ್ಷ ಸುಮಾರು 2.5 ಲಕ್ಷ ಹೆಚ್ಚು ತೆರಿಗೆ ಕಟ್ಟಬೇಕಾಗುತ್ತದೆ. ಲೆಕ್ಕಪರಿಶೋಧಕರೇ ಈ ಪಟ್ಟಿ ಕೇಳುತ್ತಾರೆ.

ಹೀಗಾಗಿ ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ. ಮಾರ್ಚ್ ಮೊದಲ ವಾರ ಬಾಕಿ ಪಟ್ಟಿಯನ್ನು, ಪ್ರತಿ ಬಿಲ್ಲಿನ 45ನೇ ದಿನಾಂಕದ ಸಮೇತ, ಖರೀದಿ ವಿಭಾಗಕ್ಕಲ್ಲ, ಅವರ ಅಕೌಂಟ್ಸ್ ವಿಭಾಗಕ್ಕೆ ಕಳಿಸಿ. ಜಗಳದ ಒಂದು ಮಾತೂ ಬೇಕಿಲ್ಲ. "ಉದ್ಯಮ್ ನೋಂದಣಿ ಇಲ್ಲದವರು ನಮಗೆ ಅನುಕೂಲ" ಎಂದು ಯಾರಾದರೂ ಸೂಚಿಸಿದರೆ, ಆ ಗಿರಾಕಿಯ ಉದ್ದೇಶ ಸ್ಪಷ್ಟ.

ಸಂಬಂಧ ಕೊನೆಗೊಂಡ ಮೇಲೂ ಹಣ ನಿಂತಿದ್ದರೆ ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಬಹುದು. ಒಪ್ಪಂದದಲ್ಲಿ "ವ್ಯಾಜ್ಯ ಮುಂಬೈಯಲ್ಲಿ" ಎಂದಿದ್ದರೂ ಪೂರೈಕೆದಾರ ಇರುವ ರಾಜ್ಯದ ಕೌನ್ಸಿಲ್‌ಗೇ ಅಧಿಕಾರ. ತೀರ್ಪನ್ನು ಪ್ರಶ್ನಿಸಬೇಕಾದರೆ ಖರೀದಿದಾರ ಮೊದಲು ಶೇ. 75 ಹಣ ಠೇವಣಿ ಇಡಬೇಕು. ಕಾಯ್ದೆ 90 ದಿನ ಎಂದರೂ ಪ್ರಕರಣಗಳು ಎಳೆಯುವುದುಂಟು. ಅದನ್ನೇ ನೆಚ್ಚಿ ಮಾಲು ಕಳಿಸಬಾರದು.

ಮತ್ತೆ ಔರಾದಿನ ಮಿಲ್ಲಿಗೆ ಬರೋಣ. ಮಾರ್ಜಿನ್ 20ರಿಂದ ಒಂದು ಪೈಸೆ ಇಳಿಯದಿದ್ದರೂ, ಕಡಿತಗಳ ಮಿತಿ ಶೇ. 3 ಆಗಿ, ಹಣ 45 ದಿನಕ್ಕೆ ಬಂದರೆ ಕಿಲೋಗೆ 2 ರೂಪಾಯಿ 38 ಪೈಸೆ ಉಳಿಯುತ್ತದೆ. 10 ಟನ್ನಿಗೆ 23,800 ರೂಪಾಯಿ. ಕಡಿತ ಶೇ. 5, ಉಧಾರಿ 60 ದಿನ ಎಂದೇ ಅವರು ಹಟ ಹಿಡಿದರೆ ಸಹಿ ಮಾಡಬೇಡಿ. ಆ ಬೇಳೆಯನ್ನು ಗಂಜಿನಲ್ಲೇ ಮಾರುವುದು ಮೇಲು.