ಅಮ್ಮನ ಆರೈಕೆ: ದುಡ್ಡಿನ ಜತೆ ಓಡಾಟವೂ ಹಂಚಿಕೆಯಾಗಲಿ

ಊರಲ್ಲಿ ವಯಸ್ಸಾದ ಅಮ್ಮ, ಮಕ್ಕಳು ಮೂರು ಊರುಗಳಲ್ಲಿ. ಇಂಥ ಮನೆಗಳಲ್ಲಿ ಜಗಳ ಸಾಮಾನ್ಯವಾಗಿ ಎರಡು ಮಾತಿನಿಂದ ಶುರುವಾಗುತ್ತದೆ. ದೂರದವರು ‘ತಿಂಗಳು ತಿಂಗಳು ದುಡ್ಡು ಕಳಿಸ್ತಿದ್ದೀನಲ್ಲ’ ಎನ್ನುತ್ತಾರೆ. ಹತ್ತಿರದವರು ‘ರಾತ್ರಿ ಎರಡು ಗಂಟೆಗೆ ಎದ್ದು ಓಡೋದು ನಾನು’ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಖರ್ಚನ್ನು ಹಂಚಿಕೊಂಡು ಓಡಾಟವನ್ನು ಹಾಗೆಯೇ ಬಿಟ್ಟದ್ದೇ ತಪ್ಪು.

ಮೊದಲು ಕೆಲಸಗಳ ಪಟ್ಟಿ ಆಗಬೇಕು. ಔಷಧಿ ತರುವುದು, ರಕ್ತಪರೀಕ್ಷೆ ಮಾಡಿಸುವುದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದವೇ ಹೆಚ್ಚು: ಕೆಲಸದವಳು ಬಾರದ ದಿನ ಅಡುಗೆ ಮಾಡುವುದು, ಗ್ಯಾಸ್ ಬುಕ್ ಮಾಡುವುದು, ಡಾಕ್ಟರ ಬಳಿ ಟೋಕನ್ ಹಿಡಿದು ಅರ್ಧ ದಿನ ಕೂರುವುದು, ಬೇಸರವಾದಾಗ ಅಮ್ಮನ ಮಾತು ಕೇಳುವುದು. ಮನೆಯ ಸೊಸೆ, ಅಳಿಯ ಮಾಡುವ ಕೆಲಸವೂ ಇದರಲ್ಲಿ ಸೇರಬೇಕು. ಹದಿನೈದು ದಿನ ಬರೆದಿಟ್ಟರೆ ಪಟ್ಟಿಯ ಉದ್ದ ನೋಡಿ ದೂರದವರಿಗೇ ಅಚ್ಚರಿಯಾಗುತ್ತದೆ. ಪಟ್ಟಿ ಮಾಡುವಾಗ ಅಮ್ಮನನ್ನೂ ಕೂರಿಸಿಕೊಳ್ಳಬೇಕು. ಯಾರ ಮನೆಯಲ್ಲಿ ಇರಬೇಕು, ಸ್ನಾನ ಮಾಡಿಸಲು ಯಾರು ಬರಬೇಕು ಎಂಬುದು ಅವರ ಇಷ್ಟ.

ಒಂದು ಲೆಕ್ಕ ಹಾಕಿ ನೋಡೋಣ. ಸಾಗರದಲ್ಲಿ 78 ವರ್ಷದ ಅಮ್ಮ ಇದ್ದಾರೆ ಎಂದುಕೊಳ್ಳಿ. ಮಗಳು ಅದೇ ಊರಿನಲ್ಲಿ ಟ್ಯೂಷನ್ ಹೇಳಿ ತಿಂಗಳಿಗೆ 20,000 ರೂಪಾಯಿ ದುಡಿಯುತ್ತಾಳೆ. ದೊಡ್ಡ ಮಗನಿಗೆ ಬೆಂಗಳೂರಿನಲ್ಲಿ 1,20,000, ಚಿಕ್ಕವನಿಗೆ ಪುಣೆಯಲ್ಲಿ 60,000 ಸಂಬಳ. ಮನೆಕೆಲಸದವರಿಗೆ 12,000, ಔಷಧಿಗೆ 4,500, ಪರೀಕ್ಷೆ ಮತ್ತು ಆಟೋಗೆ 2,500, ಮನೆಖರ್ಚಿಗೆ 8,000 ಸೇರಿ ತಿಂಗಳಿಗೆ 27,000. ಅಮ್ಮನ ಪಿಂಚಣಿ 9,000 ಕಳೆದರೆ ಉಳಿಯುವುದು 18,000.

ಸಮಪಾಲು ಮಾಡಿದರೆ ತಲಾ 6,000. ಮಗಳ ದುಡಿಮೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅದಕ್ಕೇ ಹೋಗುತ್ತದೆ, ಅಣ್ಣನ ಸಂಬಳದಲ್ಲಿ ಇಪ್ಪತ್ತನೇ ಒಂದು ಪಾಲು. ಆದಾಯಕ್ಕೆ ತಕ್ಕಂತೆ ಹಂಚಿದರೆ ಅವಳ ಪಾಲಿಗೆ ಬರುವುದು 1,800. ಆದರೆ ಅವಳು ತಿಂಗಳಿಗೆ ನಲವತ್ತು ಗಂಟೆಯಾದರೂ ಅಮ್ಮನಿಗಾಗಿ ಓಡಾಡುತ್ತಾಳೆ. ಆ ಹೊತ್ತಿಗೆ ಬೇರೆಯವರನ್ನು ಇಟ್ಟಿದ್ದರೆ ಎಷ್ಟು ಕೊಡಬೇಕಿತ್ತು ಎಂದು ಯೋಚಿಸಿದರೆ ಆ 1,800 ಕೇಳುವುದು ನ್ಯಾಯವೆನಿಸುವುದಿಲ್ಲ. ಹಾಗಾಗಿ ಅಣ್ಣ 12,000, ತಮ್ಮ 6,000 ಹಾಕಲಿ. ಹಣವನ್ನು ಮನೆಖರ್ಚಿಗೆಂದೇ ಇಟ್ಟ ಒಂದು ಖಾತೆಗೆ ಹಾಕಿ, ಖರ್ಚಾದದ್ದನ್ನು ಮೂವರಿಗೂ ಕಾಣುವಂತೆ ಬರೆದಿಟ್ಟರೆ ಅನುಮಾನಕ್ಕೆ ಜಾಗವಿರುವುದಿಲ್ಲ.

ದುಡ್ಡು ಕೊಟ್ಟಮಾತ್ರಕ್ಕೆ ದೂರದವರ ಕೆಲಸ ಮುಗಿಯುವುದಿಲ್ಲ. ಕೂತಲ್ಲಿಂದಲೇ ಆಗುವ ಕೆಲಸ ಬಹಳ ಇದೆ. ಕರೆಂಟ್ ಬಿಲ್ಲು, ವಿಮೆಯ ಕಾಗದಪತ್ರ, ಔಷಧಿ ಆರ್ಡರ್, ಡಾಕ್ಟರ ಅಪಾಯಿಂಟ್‌ಮೆಂಟ್ ಅಣ್ಣನಿಗಿರಲಿ. ನವೆಂಬರ್‌ನಲ್ಲಿ ಪಿಂಚಣಿಗೆ ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನು ನೆನಪಿಟ್ಟು ಮಾಡಿಸುವುದು ತಮ್ಮನಿಗಿರಲಿ. ‘ನಾನೂ ಸಹಾಯ ಮಾಡ್ತೀನಿ’ ಎಂದರೆ ಸಾಲದು. ಒಂದೊಂದು ಕೆಲಸಕ್ಕೂ ಒಬ್ಬರ ಹೆಸರು ಇರಬೇಕು. ಇಲ್ಲದಿದ್ದರೆ ನೆನಪಿಸುವ ಕೆಲಸವೂ ಮಗಳ ತಲೆಗೇ ಬರುತ್ತದೆ.

ತುರ್ತಿನಲ್ಲಿ ತೀರ್ಮಾನ ಯಾರದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಹತ್ತಿರ ಇರುವವಳು ಆಸ್ಪತ್ರೆಗೆ ಸೇರಿಸಿದ ಮೇಲೆ ‘ಆ ಆಸ್ಪತ್ರೆಗೆ ಯಾಕೆ ಹೋದೆ?’ ಎಂಬ ಪ್ರಶ್ನೆ ಫೋನಿನಲ್ಲಿ ಬರಬಾರದು. ಡಾಕ್ಟರ ಜತೆ ಮಾತಾಡುವವರು ಒಬ್ಬರೇ ಇದ್ದು ಉಳಿದವರಿಗೆ ತಿಳಿಸಿದರೆ ಗೊಂದಲವಾಗುವುದಿಲ್ಲ. ಅಮ್ಮ ಒಬ್ಬೊಬ್ಬ ಮಗುವಿನ ಬಳಿ ಒಂದೊಂದು ಹೇಳುವುದುಂಟು. ‘ಆರಾಮಿದ್ದೀನಿ’ ಎಂದು ಪುಣೆಗೆ ಹೇಳಿದವರು ಸಂಜೆ ಮಗಳ ಬಳಿ ಮಂಡಿನೋವಿಗೆ ಕಣ್ಣೀರು ಹಾಕಿರುತ್ತಾರೆ. ಇಬ್ಬರು ಕೇಳಿದ್ದನ್ನೂ ಕೂಡಿಸಿ ನೋಡದೆ ಯಾರೂ ತೀರ್ಪು ಕೊಡಬಾರದು.

ಈ ಹಂಚಿಕೆ ಶಾಶ್ವತವಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗ, ಮರೆವು ಹೆಚ್ಚಿ ರಾತ್ರಿ ಕಾಯಬೇಕಾದಾಗ ಹಳೆಯ ಲೆಕ್ಕ ಕೆಲಸಕ್ಕೆ ಬಾರದು. ಮೂರು ತಿಂಗಳಿಗೊಮ್ಮೆ ಕೂತು ಮತ್ತೆ ಬರೆಯಬೇಕು. ಆಸ್ತಿಯ ಮಾತನ್ನು ಆ ಬೈಠಕ್ಕಿಗೆ ತರಬಾರದು. ಅದಕ್ಕೆ ಬೇರೆ ದಿನ ಇಡಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಮಗ, ಮಗಳು ಇಬ್ಬರ ಮೇಲೂ ಜವಾಬ್ದಾರಿ ಹೊರಿಸುತ್ತದೆ, ಜೀವನಾಂಶವನ್ನೂ ಕೊಡಿಸುತ್ತದೆ. ಆದರೆ ಯಾರು ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದನ್ನು ಮನೆಯವರೇ ಗೊತ್ತು ಮಾಡಿಕೊಳ್ಳಬೇಕು.

ಹಂಚಿಕೆ ನ್ಯಾಯವಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಊರಿನಲ್ಲಿರುವ ಮಗಳು ವರ್ಷಕ್ಕೆರಡು ಬಾರಿ ಹತ್ತು ದಿನ ಊರು ಬಿಟ್ಟು ಹೋಗಲಿ, ಅಣ್ಣತಮ್ಮಂದಿರು ಸರದಿಯಂತೆ ರಜೆ ಹಾಕಿ ಬಂದು ಅಮ್ಮನ ಜತೆ ಇರಲಿ. ಅವಳಿಗೆ ದಿನಕ್ಕೆ ನಾಲ್ಕು ಫೋನ್ ಮಾಡದೆ ಅವರಿಗೆ ಮನೆ ನಡೆಸಲು ಬಂದರೆ ಹಂಚಿಕೆ ಸರಿಯಾಗಿದೆ. ಬರದಿದ್ದರೆ ಏನೇನು ಗೊತ್ತಾಗಲಿಲ್ಲವೋ ಅವನ್ನು ಪಟ್ಟಿಗೆ ಸೇರಿಸಿ, ಮುಂದಿನ ತಿಂಗಳಿಂದ ಅದರಲ್ಲಿ ಅರ್ಧವನ್ನಾದರೂ ಅವರೇ ವಹಿಸಿಕೊಳ್ಳಬೇಕು.